ಕಾಣದ ಅಕ್ಷರ, ತಪ್ಪುವ ಅಕಾರಾದಿ

ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಪಟ್ಟಿಯೊಂದು ತಯಾರಾಗುತ್ತಿದೆ ಎಂದುಕೊಳ್ಳಿ. ಕೆಲವು ಹೆಸರು ವಾಟ್ಸಾಪ್‌ನಿಂದ ಬಂದಿವೆ, ಕೆಲವನ್ನು ಒಂದು ವೆಬ್‌ಸೈಟಿನಿಂದ ಕಾಪಿ ಮಾಡಲಾಗಿದೆ, ಉಳಿದವು ಯಾರೋ ಹಿಂದೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿ, ಈಚೆಗೆ ಯೂನಿಕೋಡಿಗೆ ಬದಲಾಯಿಸಿದ ಕಡತದವು. ಎಲ್ಲವನ್ನೂ ಒಂದೇ ಕಾಲಂಗೆ ಪೇಸ್ಟ್ ಮಾಡಿ ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಪಟ್ಟಿ ಹೀಗೆ ಬರುತ್ತದೆ: ಮಂಜುನಾಥ್, ಅನಿಲ್, ರಾಜ್ಯಶ್ರೀ, ರಾಜ್‌ಕುಮಾರ್, ಸುರೇಶ್, ಸುರೇಶ್, ಕವಿತಾ. ಅನಿಲನಿಗಿಂತ ಮುಂಚೆ ಮಂಜುನಾಥ ಬಂದು ಕೂತಿದ್ದಾನೆ. ಕವಿತಾ ಪಟ್ಟಿಯ ತಳಕ್ಕೆ ಹೋಗಿದ್ದಾಳೆ. ಸುರೇಶ್ ಒಬ್ಬನೇ, ಆದರೆ ಎರಡು ಸಲ ಇದ್ದಾನೆ. ಎರಡು ಸಲ ಬಂದ ಹೆಸರುಗಳನ್ನು ತೆಗೆದುಹಾಕು ಎಂದರೂ ಅವನು ಹೋಗುವುದಿಲ್ಲ.

ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಂಪ್ಯೂಟರ್ ಮಾತ್ರ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಯೂನಿಕೋಡಿನಲ್ಲಿ ಅದಕ್ಕಿರುವ ಸಂಖ್ಯೆಯನ್ನು ನೋಡುತ್ತದೆ. ‘ಅ’ ಎಂದರೆ 3205, ‘ಕ’ 3221, ‘ಹ’ 3257. ಕನ್ನಡಕ್ಕೆ ಮೀಸಲಾದ ಸ್ಥಾನಗಳೆಲ್ಲ 3200ರಿಂದ 3327ರ ಒಳಗಿವೆ. ಮಾಮೂಲಿ ಸ್ಪೇಸಿನ ಸಂಖ್ಯೆ 32. ವೆಬ್ ಪುಟಗಳಲ್ಲಿ ಸಾಲು ಮುರಿಯದಿರಲೆಂದು ಹಾಕುವ ‘ನೋ-ಬ್ರೇಕ್ ಸ್ಪೇಸ್’ ನೋಡಲು ಥೇಟ್ ಅದರಂತೆಯೇ ಇದ್ದರೂ ಅದರ ಸಂಖ್ಯೆ 160. ಇವಲ್ಲದೆ ಅಗಲವೇ ಇಲ್ಲದ ಕೆಲವು ಅಕ್ಷರಗಳಿವೆ: ಜೀರೋ ವಿಡ್ತ್ ಸ್ಪೇಸ್ 8203, ನಾನ್‌ಜಾಯ್ನರ್ 8204, ಜಾಯ್ನರ್ 8205, ಕಡತದ ಆರಂಭದಲ್ಲಿ ಗುರುತಿಗಾಗಿ ಬಂದು ಅಲ್ಲೇ ಉಳಿದುಬಿಡುವ ಇನ್ನೊಂದು 65279.

ಮಂಜುನಾಥನ ಹಿಂದೆ 160 ಇತ್ತು. ಅದು ಕನ್ನಡದ ಎಲ್ಲ ಅಕ್ಷರಗಳಿಗಿಂತ ಚಿಕ್ಕದು, ಹಾಗಾಗಿ ಅವನು ಮೇಲಕ್ಕೆ ಹೋದ. ಕವಿತಾಳ ಹಿಂದೆ 8203 ಇತ್ತು. ಅದು ‘ಹ’ಕ್ಕಿಂತಲೂ ದೊಡ್ಡದು, ಹಾಗಾಗಿ ಅವಳು ಕೆಳಕ್ಕೆ ಬಂದಳು. ತಪ್ಪಿದ ಹೆಸರು ಪಟ್ಟಿಯ ತಲೆಯಲ್ಲಿದ್ದರೆ ಖಾಲಿ ಜಾಗದ ಕಾಟ, ಬುಡದಲ್ಲಿದ್ದರೆ ಅಗಲವಿಲ್ಲದ ಅಕ್ಷರದ ಕಾಟ ಎಂದು ಮೊದಲ ನೋಟಕ್ಕೇ ಊಹಿಸಬಹುದು. ಎಲ್ಲ ತಂತ್ರಾಂಶಗಳೂ ಹೀಗೆ ಬರೀ ಸಂಖ್ಯೆ ನೋಡಿ ಜೋಡಿಸುವುದಿಲ್ಲ. ಯೂನಿಕೋಡಿನ ವಿಂಗಡಣಾ ನಿಯಮವನ್ನು ಪಾಲಿಸುವವು ಜಾಯ್ನರ್, ನಾನ್‌ಜಾಯ್ನರ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಪೈಥಾನಿನಂಥ ಭಾಷೆಯಲ್ಲಿ ಬರೆದ ಸರಳ ಪ್ರೋಗ್ರಾಮುಗಳು, ಅನೇಕ ಡೇಟಾಬೇಸುಗಳು ಸಂಖ್ಯೆಯನ್ನಷ್ಟೇ ನೋಡುತ್ತವೆ. ಅದೇ ಪಟ್ಟಿ ಒಂದು ಕಡೆ ಸರಿಯಾಗಿ, ಇನ್ನೊಂದು ಕಡೆ ತಪ್ಪಾಗಿ ಬರುವುದು ಇದರಿಂದಲೇ.

ಹಾಗಾದರೆ ಅಗಲವಿಲ್ಲದ್ದನ್ನೆಲ್ಲ ಒಟ್ಟಿಗೆ ಅಳಿಸಿಬಿಟ್ಟರಾಯಿತಲ್ಲ? ಇಂಗ್ಲಿಷ್ ಪಠ್ಯವಾಗಿದ್ದರೆ ಹೆಚ್ಚುಕಡಿಮೆ ಅಷ್ಟೇ ಸಾಕಾಗುತ್ತಿತ್ತು. ಕನ್ನಡದಲ್ಲಿ ಹಾಗೆ ಮಾಡಿದರೆ ಬರವಣಿಗೆಯೇ ಕೆಡುತ್ತದೆ, ಏಕೆಂದರೆ ಇವುಗಳಲ್ಲಿ ಎರಡಕ್ಕೆ ನಮ್ಮ ಲಿಪಿಯಲ್ಲಿ ನಿಜವಾದ ಕೆಲಸವಿದೆ.

ಮೊದಲನೆಯದು ನಾನ್‌ಜಾಯ್ನರ್. ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದರೆ ಅದು ತಾನಾಗಿಯೇ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ‘ರಾಜ್’ ಬರೆದು ‘ಕುಮಾರ್’ ಸೇರಿಸಿದರೆ ‘ರಾಜ್ಕುಮಾರ್’ ಆಗುತ್ತದೆ. ನಡುವೆ ನಾನ್‌ಜಾಯ್ನರ್ ಇಟ್ಟರೆ ‘ರಾಜ್‌ಕುಮಾರ್’. ‘ಸಾಫ್ಟ್‌ವೇರ್’, ‘ಬಸ್‌ನಲ್ಲಿ’, ‘ಸುರೇಶ್‌ಗೆ’ ಇವೆಲ್ಲ ಓದುವ ಹಾಗಿರುವುದು ಅದರಿಂದಲೇ. ಅದನ್ನು ಕಿತ್ತರೆ ‘ಸಾಫ್ಟ್ವೇರ್’, ‘ಬಸ್ನಲ್ಲಿ’, ‘ಸುರೇಶ್ಗೆ’ ಉಳಿಯುತ್ತವೆ.

ಎರಡನೆಯದು ಜಾಯ್ನರ್. ‘ರ’ಕಾರಕ್ಕೆ ವ್ಯಂಜನ ಸೇರಿದಾಗ ಕನ್ನಡ ಅದನ್ನು ಅರ್ಕಾವತ್ತಾಗಿ ತೋರಿಸುತ್ತದೆ. ‘ಸೂರ್ಯ’ದಲ್ಲಿ ಅದು ಸರಿ. ‘ರ‍್ಯಾಂಕ್’, ‘ರ‍್ಯಾಲಿ’ಗಳಲ್ಲಿ ನಮಗೆ ಬೇಕಾದದ್ದು ಪೂರ್ಣ ‘ರ’, ಅದರ ಕೆಳಗೆ ಯಒತ್ತು. ಅದಕ್ಕಾಗಿ ‘ರ’ಕ್ಕೂ ಅರ್ಧಾಕ್ಷರದ ಚಿಹ್ನೆಗೂ ನಡುವೆ ಜಾಯ್ನರ್ ಇಡಬೇಕು. ಅದನ್ನು ಅಳಿಸಿದರೆ ‘ರ್ಯಾಂಕ್’ ಎಂದಾಗಿ, ಪದದ ಮೊದಲಿಗೇ ‘ಯಾ’ ಬಂದು ಅದರ ಪಕ್ಕ ಅರ್ಕಾವತ್ತು ನಿಲ್ಲುತ್ತದೆ. ಉಚ್ಚಾರ ಬದಲಾಗದಿದ್ದರೂ ಪುಟದ ಮೇಲೆ ನೋಡಲು ಕಷ್ಟ.

ಉಚ್ಚಾರ ಬದಲಾಗುವುದಿಲ್ಲ ಎಂಬ ಈ ಮಾತಿನಲ್ಲೇ ದಾರಿಯಿದೆ. ಜಾಯ್ನರ್, ನಾನ್‌ಜಾಯ್ನರ್‌ಗಳು ಓದುವವರ ಕಣ್ಣಿಗೆ ಬೇಕು. ಹುಡುಕುವುದಕ್ಕೂ ಅಕಾರಾದಿ ಜೋಡಿಸುವುದಕ್ಕೂ ಬೇಡ. ಆದ್ದರಿಂದ ಮೂಲ ಕಾಲಂ ಹಾಗೆಯೇ ಇರಲಿ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ಎಲ್ಲವನ್ನೂ ಕಿತ್ತು, ವಿಂಗಡಣೆ, ಹೋಲಿಕೆ, ಹುಡುಕಾಟವನ್ನೆಲ್ಲ ಅದರ ಮೇಲೆ ನಡೆಸಬೇಕು. ಅಚ್ಚಿಗೆ ಹೋಗುವುದು ಮೂಲ ಕಾಲಂ. ಇದೊಂದು ಶಿಸ್ತನ್ನು ಪಾಲಿಸಿದರೆ ಏನನ್ನು ಅಳಿಸಬೇಕು, ಏನನ್ನು ಉಳಿಸಬೇಕು ಎಂದು ಒಂದೊಂದು ಹೆಸರಿಗೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಆ ಎರಡು ಸುರೇಶರ ವಿಷಯ. ‘ಸುರೇಶ್’ ಎಂಬಲ್ಲಿ ಕಂಪ್ಯೂಟರ್ ಎಣಿಸುವುದು ಆರು ಅಕ್ಷರ: ಸ, ಉಕಾರದ ಚಿಹ್ನೆ, ರ, ಏಕಾರದ ಚಿಹ್ನೆ, ಶ, ಅರ್ಧಾಕ್ಷರದ ಚಿಹ್ನೆ. ಸ್ಪ್ರೆಡ್‌ಶೀಟಿನಲ್ಲಿ ಹೆಸರು B2 ಸೆಲ್‌ನಲ್ಲಿದ್ದರೆ `=LEN(B2)` ಎಂದು ಕೇಳಿ ನೋಡಿ. ಒಬ್ಬ ಸುರೇಶನಿಗೆ 6, ಇನ್ನೊಬ್ಬನಿಗೆ 7 ಬರುತ್ತದೆ. ಆ ಏಳನೆಯದು ಯಾವುದು ಎಂದು ತಿಳಿಯಲು `=UNICODE(MID(B2,7,1))` ಹಾಕಿದರೆ ಉತ್ತರ 8204, ಅಂದರೆ ಪದದ ತುದಿಯಲ್ಲೊಂದು ನಾನ್‌ಜಾಯ್ನರ್. ಕೆಲವು ಕೀಬೋರ್ಡುಗಳು, ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಬದಲಾಯಿಸುವ ಕೆಲವು ಪರಿವರ್ತಕಗಳು ಅರ್ಧಾಕ್ಷರದಿಂದ ಮುಗಿಯುವ ಪ್ರತಿ ಪದಕ್ಕೂ ಇದನ್ನು ಅಂಟಿಸಿಬಿಡುತ್ತವೆ. ಮುಂದೆ ‘ಗೆ’ ಅಥವಾ ‘ನ’ ಸೇರಿದರೆ ಒತ್ತಾಗದಿರಲಿ ಎಂಬ ಮುಂಜಾಗ್ರತೆ ಅದು. ಏನೂ ಸೇರದಿದ್ದಾಗ ಅದು ಸುಮ್ಮನೆ ಉಳಿದುಕೊಂಡಿರುತ್ತದೆ. ಕನ್ನಡದ ಪಟ್ಟಿಗಳಲ್ಲಿ ಒಂದೇ ಹೆಸರು ಎರಡಾಗುವುದಕ್ಕೆ ಇಷ್ಟು ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ. ರಮೇಶ್, ಪ್ರಕಾಶ್, ಮಂಜುನಾಥ್ ಎಂದು ನಮ್ಮ ಅರ್ಧ ಊರಿನ ಹೆಸರುಗಳು ಅರ್ಧಾಕ್ಷರದಲ್ಲೇ ಮುಗಿಯುತ್ತವೆ.

ಬಾಣದ ಕೀ ಒತ್ತುತ್ತ ಹೋಗಿ ಕರ್ಸರ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುವ ರೂಢಿ ಕೆಲವರಿಗಿದೆ. ಕನ್ನಡದಲ್ಲಿ ಅದನ್ನು ನಂಬುವ ಹಾಗಿಲ್ಲ, ಏಕೆಂದರೆ ಅನೇಕ ತಂತ್ರಾಂಶಗಳಲ್ಲಿ ಕರ್ಸರ್ ಇಡೀ ಗುಣಿತಾಕ್ಷರವನ್ನು ಒಂದೇ ಸಲಕ್ಕೆ ದಾಟುತ್ತದೆ. ಎಣಿಕೆಯೇ ಭದ್ರ.

ಅಳಿಸುವ ಕೆಲಸಕ್ಕೆ ಬರೋಣ. ಎಕ್ಸೆಲ್‌ನಲ್ಲಿ ಖಾಲಿ ಜಾಗ ತೆಗೆಯಲು `TRIM` ಇದೆಯಲ್ಲ ಎಂದು ಬಹಳ ಜನ ಅದನ್ನೇ ನೆಚ್ಚುತ್ತಾರೆ. ಅದು ತೆಗೆಯುವುದು 32ನ್ನು ಮಾತ್ರ. 160 ಇದ್ದಲ್ಲೇ ಇರುತ್ತದೆ. `CLEAN` ತೆಗೆಯುವುದು 0ಯಿಂದ 31ರವರೆಗಿನವನ್ನು, ಅಗಲವಿಲ್ಲದವನ್ನು ಅದು ಮುಟ್ಟುವುದೂ ಇಲ್ಲ. ಆದ್ದರಿಂದ ಪಕ್ಕದ ಕಾಲಂನಲ್ಲಿ, C2 ಸೆಲ್‌ನಲ್ಲಿ, ಇದನ್ನು ಬರೆಯಿರಿ:

```
=TRIM(SUBSTITUTE(SUBSTITUTE(SUBSTITUTE(SUBSTITUTE(
SUBSTITUTE(B2,UNICHAR(8203),""),UNICHAR(8204),""),
UNICHAR(8205),""),UNICHAR(65279),""),UNICHAR(160)," "))
```

ಒಳಗಿನಿಂದ ಹೊರಕ್ಕೆ ಓದಿದರೆ ಇದು ಸುಲಭ. ಅಗಲವಿಲ್ಲದ ನಾಲ್ಕನ್ನು ಒಂದೊಂದಾಗಿ ಕಿತ್ತು, 160ರ ಜಾಗದಲ್ಲಿ ಮಾಮೂಲಿ ಸ್ಪೇಸ್ ಇಟ್ಟು, ಕೊನೆಗೆ `TRIM`ನಿಂದ ಹಿಂದೆಮುಂದೆ ಇರುವ ಸ್ಪೇಸನ್ನೂ ನಡುವೆ ಎರಡೆರಡಾಗಿ ಬಿದ್ದದ್ದನ್ನೂ ತೆಗೆಯುತ್ತದೆ. ಈ ಅನುಕ್ರಮ ಮುಖ್ಯ. 160ನ್ನು ಬದಲಿಸುವ ಮುಂಚೆಯೇ `TRIM` ನಡೆದರೆ ಮಂಜುನಾಥ ಪಟ್ಟಿಯ ತಲೆಯಲ್ಲೇ ಇರುತ್ತಾನೆ. 160ನ್ನು ಸ್ಪೇಸಿನ ಬದಲು ಏನೂ ಇಲ್ಲದಂತೆ ಅಳಿಸಿದರೆ ಹೆಸರೂ ಮನೆತನದ ಹೆಸರೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಫಾರ್ಮುಲಾವನ್ನು ಕೆಳಗಿನ ಸಾಲುಗಳಿಗೆಲ್ಲ ಎಳೆದು, C ಕಾಲಂ ಮೇಲೆ ವಿಂಗಡಿಸಿದರೆ ಅನಿಲ್, ಕವಿತಾ, ಮಂಜುನಾಥ್, ರಾಜ್‌ಕುಮಾರ್, ರಾಜ್ಯಶ್ರೀ, ಸುರೇಶ್, ಸುರೇಶ್ ಎಂದು ಬರುತ್ತದೆ. ರಾಜ್‌ಕುಮಾರ್ ರಾಜ್ಯಶ್ರೀಗಿಂತ ಮೇಲೆ ಬಂದದ್ದನ್ನು ಗಮನಿಸಿ. ಮೊದಲು ‘ರಾಜ್’ ಆದಮೇಲೆ ಅವಳ ‘ಯ’ದೊಂದಿಗೆ, ಅಂದರೆ 3247ರೊಂದಿಗೆ, ಅವನ 8204 ಹೋಲಿಕೆಯಾಗಿ ಅವನು ಹಿಂದೆ ಬಿದ್ದಿದ್ದ. ಈಗ ‘ಯ’ದೊಂದಿಗೆ ‘ಕ’ ಹೋಲಿಕೆಯಾಗುತ್ತಿದೆ.

ಹುಡುಕುವಾಗ ಇನ್ನೊಂದು ಎಚ್ಚರ ಬೇಕು. ಪಟ್ಟಿಯನ್ನಷ್ಟೇ ತೊಳೆದು, ಹುಡುಕುವ ಪದವನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ. ನಿಮ್ಮ ಕೀಬೋರ್ಡ್ ‘ರಾಜ್‌ಕುಮಾರ್’ಗೆ ನಡುವೆ ನಾನ್‌ಜಾಯ್ನರ್ ಹಾಕಿಯೇ ಕೊಡುತ್ತದೆ, C ಕಾಲಂನಲ್ಲಿ ಅದು ಇಲ್ಲ. ಹುಡುಕುವ ಪದವನ್ನೂ ಒಂದು ಸೆಲ್‌ನಲ್ಲಿ ಬರೆದು ಅದೇ ಫಾರ್ಮುಲಾದಿಂದ ದಾಟಿಸಿ, ಬಂದ ಉತ್ತರವನ್ನು ಹುಡುಕಿ.

ಸ್ಪೇಸಿನ ತಕರಾರು ಹೆಚ್ಚು ಕಾಣುವುದು ಇನಿಷಿಯಲ್‌ಗಳಲ್ಲಿ. ‘ಕೆ. ಸುರೇಶ್’, ‘ಕೆ.ಸುರೇಶ್’, ‘ಕೆ ಸುರೇಶ್’ ಮೂರೂ ಒಬ್ಬನೇ ಮನುಷ್ಯ. ‘ರಾಮ ರಾವ್’, ‘ರಾಮರಾವ್’ ಕೂಡ ಒಬ್ಬರೇ ಇರಬಹುದು. ಹೆಸರುಗಳ ಪಟ್ಟಿಯಾದರೆ ಚುಕ್ಕಿ, ಸ್ಪೇಸ್ ಎರಡನ್ನೂ ಪೂರ್ತಿ ಕಿತ್ತ ಮೂರನೆಯ ಕಾಲಂ ಮಾಡಿ, ಎರಡು ಸಲ ಬಂದವರನ್ನು ಹುಡುಕಲು ಮಾತ್ರ ಅದನ್ನು ಬಳಸುವುದು ವಾಸಿ. ಸಿಕ್ಕಿದ ಜೋಡಿಗಳನ್ನು ಅಳಿಸುವ ಮುಂಚೆ ಊರನ್ನೋ ಫೋನ್ ನಂಬರನ್ನೋ ನೋಡಿಕೊಳ್ಳಬೇಕು, ಏಕೆಂದರೆ ಒಂದೇ ಊರಿನಲ್ಲಿ ಇಬ್ಬರು ಕೆ. ಸುರೇಶ್ ಇರುವುದು ಅಪರೂಪವೇನಲ್ಲ.

ಮೂಲ ಪಠ್ಯವನ್ನೂ ಸ್ವಲ್ಪ ಶುಚಿ ಮಾಡಬೇಕೆನಿಸಿದರೆ 8203 ಮತ್ತು 65279ನ್ನು ಧೈರ್ಯವಾಗಿ ಅಳಿಸಬಹುದು. ಕನ್ನಡದ ಹೆಸರಿನೊಳಗೆ ಅವುಗಳಿಗೆ ಕೆಲಸವಿಲ್ಲ. ನಾನ್‌ಜಾಯ್ನರ್ ಪದದ ತುದಿಯಲ್ಲಿದ್ದರೆ ಮಾತ್ರ ತೆಗೆಯಿರಿ, ನಡುವಿನದನ್ನು ಮುಟ್ಟಬೇಡಿ. ವಿಎಸ್ ಕೋಡ್‌ನ ಹುಡುಕು-ಬದಲಿಸು ಪೆಟ್ಟಿಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಯನ್ನು ಒತ್ತಿ ಇದನ್ನು ಹಾಕಿದರೆ ತುದಿಯವು ಮಾತ್ರ ಸಿಗುತ್ತವೆ:

```
\u200C(?=[\s.,;:!?]|$)
```

ಇಲ್ಲಿರುವ 200C ಎಂಬುದು 8204ರ ಹೆಕ್ಸಾಡೆಸಿಮಲ್ ರೂಪ, ಅಷ್ಟೇ. ಬದಲಿಸುವ ಜಾಗವನ್ನು ಖಾಲಿ ಬಿಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಹೆಸರು ಕೂಡಿಕೊಳ್ಳದಿದ್ದರೆ ಕಾರಣ ಬೇರೆ ಇದೆ. ಉದ್ದ ಒಂದೇ ಇದ್ದೂ ಹೊಂದದಿದ್ದರೆ ಅನುಸ್ವಾರವನ್ನು ನೋಡಿ. ಅವಸರದಲ್ಲಿ ‘ಂ’ ಬದಲು ಕನ್ನಡದ ಸೊನ್ನೆ ‘೦’ ಒತ್ತುವವರು ಬೇಕಾದಷ್ಟು ಜನ. ‘ಮಂಜುನಾಥ್’, ‘ಮ೦ಜುನಾಥ್’ ಅನೇಕ ಫಾಂಟುಗಳಲ್ಲಿ ಬಹುತೇಕ ಒಂದೇ ಥರ ಕಾಣುತ್ತವೆ. ಎರಡನೆಯ ಅಕ್ಷರದ ಸಂಖ್ಯೆ ಕೇಳಿದರೆ ಒಂದರಲ್ಲಿ 3202, ಇನ್ನೊಂದರಲ್ಲಿ 3302. ಉದ್ದವೇ ಬೇರೆ ಬಂದು ಅಗಲವಿಲ್ಲದ್ದು ಯಾವುದೂ ಸಿಗದಿದ್ದರೆ ದೀರ್ಘ ಸ್ವರಚಿಹ್ನೆಯನ್ನು ಅನುಮಾನಿಸಬೇಕು. ‘ರೇ’ಯ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಅದನ್ನು ಸರಿಮಾಡಲು ಮೇಲಿನ ಫಾರ್ಮುಲಾ ಸಾಲದು. ಯೂನಿಕೋಡಿನ NFC ರೂಪಕ್ಕೆ ತರುವ ಸಾಧನ ಬೇಕು, ಪೈಥಾನಿನಲ್ಲಿ ಅದಕ್ಕೆ `unicodedata.normalize("NFC", s)` ಎಂಬ ಒಂದು ಸಾಲು ಸಾಕು.