‘ಆಂ’ ತೆಗೆದ ಮೇಲೂ ಉಸಿರು ಉಳಿಯಬೇಕು

ಅಡಿಕೆ ಬೆಳೆಗಾರರೊಬ್ಬರು ಕ್ಯಾಮೆರಾ ಮುಂದೆ ಕೂತು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮ ಹೇಳುತ್ತಿದ್ದಾರೆ ಎಂದುಕೊಳ್ಳಿ. ಮೂವತ್ತು ವರ್ಷ ಮಾಡಿದ ಕೆಲಸ, ವಿಷಯದಲ್ಲಿ ಅನುಮಾನವಿಲ್ಲ. ಆದರೂ ರೆಕಾರ್ಡಿಂಗ್ ಕೇಳಿದರೆ ಹೀಗಿದೆ:

“ಮೈಲುತುತ್ತ ಒಂದು ಕೆಜಿ ತಗೊಳ್ಳಿ, ಆಂ... ಅದನ್ನ ಐವತ್ತು ಲೀಟರ್ ನೀರಲ್ಲಿ ಕರಗಿಸ್ಬೇಕೂಊಊ... ಮತ್ತೆ, ಮತ್ತೆ ಸುಣ್ಣ, ಸುಣ್ಣಾನೂ ಒಂದು ಕೆಜಿ, ಅದು ಬೇರೆ ಐವತ್ತು ಲೀಟರಲ್ಲಿ. ಅಂದ್ರೆ, ಏನಂದ್ರೆ... ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ಬೇಕು. ಸುಣ್ಣದ ನೀರನ್ನ ತುತ್ತಕ್ಕೆ ಹಾಕ್ಬಾರ್ದು.”

ಎದುರಿಗೆ ಕೂತು ಕೇಳುವವರಿಗೆ ಈ ‘ಆಂ’, ‘ಮತ್ತೆ’ ಒಂದೂ ಕಿವಿಗೆ ಬೀಳುವುದಿಲ್ಲ. ಮೊಬೈಲಿನಲ್ಲಿ ನೋಡುವವರಿಗೆ ಬೀಳುತ್ತದೆ. ಹಾಗೆಂದು ಸಿಕ್ಕ ಮೌನವನ್ನೆಲ್ಲ ಕತ್ತರಿಸಿದರೆ ಮನುಷ್ಯ ಉಸಿರಾಡದೆ ಮಾತಾಡಿದಂತೆ ಕೇಳಿಸುತ್ತದೆ, ಮುಖ ಕ್ಷಣಕ್ಷಣಕ್ಕೂ ಎಗರುತ್ತದೆ. ಆದ್ದರಿಂದ ಒಂದು ತೊದಲನ್ನು ತೆಗೆಯುವ ಮೊದಲು ಅದರ ಎರಡೂ ಪಕ್ಕದಲ್ಲಿ ಏನಿದೆ ಎಂದು ನೋಡಬೇಕು. ಮೇಲಿನ ಮಾತನ್ನೇ ಒಂದೊಂದಾಗಿ ತಿದ್ದೋಣ.

ಮೊದಲ ‘ಆಂ’ ಸುಲಭದ್ದು. ಅದರ ಹಿಂದೆ ಮುಂದೆ ಮೌನವಿದೆ. ಎಡಿಟಿಂಗ್ ಪರದೆಯಲ್ಲಿ ಧ್ವನಿಯ ಅಲೆಗಳನ್ನು ದೊಡ್ಡದು ಮಾಡಿ ನೋಡಿದರೆ ‘ಅದನ್ನ’ ಎಂಬ ಮಾತಿಗೆ ಮುಂಚೆ ಒಂದು ಸಣ್ಣ, ಮಂಕಾದ ಉಬ್ಬು ಕಾಣಿಸುತ್ತದೆ. ಅದು ಅವರು ಎಳೆದುಕೊಂಡ ಉಸಿರು. ಹೊಸಬರು ಸಾಮಾನ್ಯವಾಗಿ ಕತ್ತರಿ ಹಾಕುವುದು ಇದರ ನಡುವೆಯೇ. ಅರ್ಧ ಉಸಿರು ಉಳಿದರೆ ಬಿಕ್ಕಿದಂತೆ ಕೇಳುತ್ತದೆ. ಉಸಿರು ಅದರ ಮುಂದಿನ ಮಾತಿಗೆ ಸೇರಿದ್ದು, ಅದನ್ನು ಇಡಿಯಾಗಿ ಉಳಿಸಿಕೊಳ್ಳಬೇಕು. ‘ತಗೊಳ್ಳಿ’ಯ ಕೊನೆಯ ಇಕಾರ ಪೂರ್ತಿ ಆರಿದ ಮೇಲೆ ಕತ್ತರಿಸಿ, ಉಸಿರು ಶುರುವಾಗುವ ಜಾಗಕ್ಕೆ ಜೋಡಿಸಿದರೆ ‘ಆಂ’ ಅಲ್ಲಿತ್ತೆಂಬುದೇ ಗೊತ್ತಾಗುವುದಿಲ್ಲ.

‘ಕರಗಿಸ್ಬೇಕೂಊಊ’ ಇಷ್ಟು ಸಲೀಸಲ್ಲ. ಕನ್ನಡದ ಮಾತುಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ನಾವು ಯೋಚಿಸುವಾಗ ಬೇರೆ ಶಬ್ದ ಹುಡುಕುವ ಬದಲು ಕೊನೆಯ ಸ್ವರವನ್ನೇ ಎಳೆಯುತ್ತೇವೆ. ಇಲ್ಲಿ ತೊದಲು ಮಾತಿನ ಒಳಗೇ ಇದೆ, ಪ್ರತ್ಯೇಕವಾಗಿ ಎತ್ತಿ ಬಿಸಾಡುವಂತಿಲ್ಲ. ಎಳೆದ ಸ್ವರದ ಬಾಲವನ್ನಷ್ಟೇ ಕತ್ತರಿಸಿದರೆ ಬಾಯಿ ಮುಚ್ಚಿಸಿದಂತೆ ಮಾತು ಥಟ್ಟನೆ ನಿಲ್ಲುತ್ತದೆ. ತೆಗೆಯಬೇಕಾದದ್ದು ನಡುವಿನ ಭಾಗ: ಸ್ವರದ ಆರಂಭ ಮತ್ತು ಅದು ಸಹಜವಾಗಿ ಇಳಿಯುವ ಕೊನೆ ಎರಡನ್ನೂ ಇಟ್ಟುಕೊಂಡು, ಹತ್ತಿಪ್ಪತ್ತು ಮಿಲಿಸೆಕೆಂಡಿನ ಕ್ರಾಸ್‌ಫೇಡ್‌ನಿಂದ ಬೆಸೆಯಬೇಕು. ಕ್ರಾಸ್‌ಫೇಡ್ ಎಂದರೆ ಒಂದು ತುಂಡು ಕ್ಷೀಣಿಸುತ್ತಿರುವಾಗಲೇ ಇನ್ನೊಂದು ಏರುವುದು. ಅದಿಲ್ಲದಿದ್ದರೆ ಬೆಸುಗೆಯಲ್ಲಿ ‘ಟಿಕ್’ ಎಂಬ ಸದ್ದು ಬರುತ್ತದೆ. ಎಳೆಯುತ್ತಾ ಹೋದಂತೆ ಶ್ರುತಿ ಬಹಳ ಕೆಳಗಿಳಿದಿದ್ದರೆ ಎರಡು ತುಂಡು ಕೂಡುವುದಿಲ್ಲ, ದನಿ ಮೆಟ್ಟಿಲು ಜಾರಿದಂತಾಗುತ್ತದೆ. ಆಗ ಕಡಿಮೆ ತೆಗೆಯಬೇಕು, ಇಲ್ಲವೇ ಹಾಗೇ ಬಿಡಬೇಕು.

ಮುಂದಿನ ‘ಮತ್ತೆ, ಮತ್ತೆ ಸುಣ್ಣ, ಸುಣ್ಣಾನೂ’ ಎಂಬಲ್ಲಿ ಮೊದಲ ‘ಮತ್ತೆ’ಯಿಂದ ನೇರವಾಗಿ ‘ಸುಣ್ಣಾನೂ’ಗೆ ಹೋಗಬಹುದು. ‘ಸ’ಕಾರದ ಸುಯ್ಯೆನ್ನುವ ಸದ್ದು ಬೆಸುಗೆಯನ್ನು ಚೆನ್ನಾಗಿ ಮುಚ್ಚುತ್ತದೆ. ಕ, ತ, ಪಗಳ ಮುಂಚೆಯೂ ಒಳ್ಳೆಯ ಜಾಗ ಸಿಗುತ್ತದೆ, ಯಾಕೆಂದರೆ ಅವನ್ನು ಉಚ್ಚರಿಸುವ ಮುನ್ನ ಬಾಯಿ ಒಂದು ಕ್ಷಣ ಗಾಳಿಯನ್ನು ತಡೆದಿರುತ್ತದೆ, ಅಲ್ಲಿ ಪುಟ್ಟ ಮೌನವಿರುತ್ತದೆ. ಸ್ವರಕ್ಕೆ ಸ್ವರ ಅಂಟಿಸುವುದೇ ಎಲ್ಲಕ್ಕಿಂತ ಕಷ್ಟ.

ಈಗ ‘ಅಂದ್ರೆ, ಏನಂದ್ರೆ’ ಮತ್ತು ಅದರ ನಂತರದ ಎರಡು ಸೆಕೆಂಡಿನ ಮೌನ. ಎರಡು ಮಾತೂ ಹೋಗಲಿ, ಅವು ಏನನ್ನೂ ವಿವರಿಸುತ್ತಿಲ್ಲ. ಮೌನ ಮಾತ್ರ ಪೂರ್ತಿ ಹೋಗಬಾರದು. ಅವರು ಮುಂದೆ ಹೇಳುವುದು ಇಡೀ ವಿಡಿಯೊದ ಮುಖ್ಯ ಎಚ್ಚರಿಕೆ. ಆ ನಿಲುಗಡೆಯಲ್ಲಿ ಅವರ ಕಣ್ಣು ಪಕ್ಕಕ್ಕೆ ಹೋಗಿ ಮತ್ತೆ ಕ್ಯಾಮೆರಾಕ್ಕೆ ಬರುತ್ತದೆ, ನೋಡುಗ ತಾನಾಗಿ ಕಿವಿ ನಿಮಿರಿಸುತ್ತಾನೆ. ಹೆಚ್ಚುಕಡಿಮೆ ಒಂದು ಸೆಕೆಂಡ್ ಉಳಿಸುತ್ತೇನೆ. ವಾಕ್ಯದ ನಡುವೆ ಪದ ಹುಡುಕುವ ಮೌನಕ್ಕೂ, ಒಂದು ವಿಚಾರ ಮುಗಿಸಿ ಇನ್ನೊಂದಕ್ಕೆ ಹೋಗುವ ಮೌನಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಧೈರ್ಯವಾಗಿ ಕಿರಿದು ಮಾಡಬಹುದು. ಸಂದರ್ಶನದಲ್ಲಿ ಪ್ರಶ್ನೆ ಕೇಳಿದ ಮೇಲೆ ಬರುವ ತಡವರಿಕೆಯನ್ನಂತೂ ಮುಟ್ಟಬಾರದು ಎಂದು ನನ್ನ ಖಚಿತ ಅಭಿಪ್ರಾಯ. ಅದು ಉತ್ತರದ ಭಾಗ, ಅದನ್ನು ಅಳಿಸಿದರೆ ಆ ವ್ಯಕ್ತಿ ಹೇಳದ ಆತ್ಮವಿಶ್ವಾಸವನ್ನು ನಾವು ಅವರ ಬಾಯಿಗೆ ಹಾಕಿದಂತೆ.

ಮೌನವನ್ನು ಉಳಿಸಿ ಅದರೊಳಗಿನ ‘ಏನಂದ್ರೆ’ ತೆಗೆದಾಗ ಆ ಜಾಗಕ್ಕೆ ಏನು ಹಾಕುವುದು? ಧ್ವನಿ ಸೊನ್ನೆ ಮಾಡಿದರೆ ತಪ್ಪು. ತೋಟದ ಮನೆಯಲ್ಲಿ ಫ್ಯಾನು, ಜೀರುಂಡೆ, ದೂರದ ಪಂಪ್‌ಸೆಟ್ ಏನಾದರೂ ಇದ್ದೇ ಇರುತ್ತದೆ, ಅದು ಒಮ್ಮೆಲೇ ಮಾಯವಾದರೆ ಕಿವಿಗೆ ಗುಂಡಿ ಬಿದ್ದಂತಾಗುತ್ತದೆ. ಅದಕ್ಕೇ ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು, ಅದೇ ಮೈಕಿನಲ್ಲಿ ಅರ್ಧ ನಿಮಿಷ ಕೋಣೆಯ ಸದ್ದನ್ನು ಹಿಡಿದಿಟ್ಟುಕೊಳ್ಳುವುದು. ಇದನ್ನು ರೂಮ್ ಟೋನ್ ಎನ್ನುತ್ತಾರೆ. ಮಾತು ತೆಗೆದ ಜಾಗಕ್ಕೆ ಇದರ ತುಂಡು ಹಾಕಬೇಕು.

ಸ್ವಯಂಚಾಲಿತವಾಗಿ ಮೌನ ತೆಗೆಯುವ ಸೌಲಭ್ಯಗಳು ಎಡವುವುದು ಇಲ್ಲೇ. ಅವು ಒಂದು ಮಟ್ಟಕ್ಕಿಂತ ಸಣ್ಣದಾದ ಸದ್ದನ್ನೆಲ್ಲ ಮೌನ ಎಂದು ಬಗೆಯುತ್ತವೆ. ನಮ್ಮ ವಾಕ್ಯಗಳ ಕೊನೆಯ ಸ್ವರ ಮೆತ್ತಗೆ ಇಳಿಯುವುದರಿಂದ ‘ಹಾಕ್ಬಾರ್ದು’ ಎಂಬುದು ‘ಹಾಕ್ಬಾರ್ದ್’ ಆಗಿಬಿಡುತ್ತದೆ, ಉಸಿರೂ ಹೋಗುತ್ತದೆ. ಬಳಸುವುದಾದರೆ ಅರ್ಧ ಸೆಕೆಂಡಿಗಿಂತ ಉದ್ದದ ಮೌನವನ್ನು ಮಾತ್ರ ಹಿಡಿಯುವಂತೆ ಮಾಡಿ, ಪ್ರತಿ ತುಂಡಿನ ಎರಡೂ ತುದಿಗೆ ಸುಮಾರು 150 ಮಿಲಿಸೆಕೆಂಡ್ ಉಳಿಯುವಂತೆ ಹೊಂದಿಸಿ, ಆಮೇಲೆ ಒಂದೊಂದನ್ನೂ ಕೇಳಿ ನೋಡಬೇಕು.

ಇಷ್ಟಾದರೆ ಕಿವಿಯ ಕೆಲಸ ಮುಗಿಯಿತು. ಚಿತ್ರದಲ್ಲಿ ಮಾತ್ರ ಪ್ರತಿ ಕತ್ತರಿಗೂ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆಯುತ್ತದೆ. ಇದೇ ಜಂಪ್ ಕಟ್. ಗೋದಾರ್ ತಮ್ಮ 1960ರ ‘ಬ್ರೆತ್‌ಲೆಸ್’ ಚಿತ್ರದಲ್ಲಿ ಇದನ್ನು ಬೇಕೆಂದೇ ಬಳಸಿದರು. ಬೋರ್ಡೋ ದ್ರಾವಣಕ್ಕೆ ಅದು ಬೇಡ. ಅತ್ಯುತ್ತಮ ಪರಿಹಾರವೆಂದರೆ ಆ ಜಾಗದಲ್ಲಿ ಬೇರೆ ದೃಶ್ಯ ತೋರಿಸುವುದು: ನೀಲಿ ದ್ರಾವಣ ಸುಣ್ಣದ ನೀರಿಗೆ ಬೀಳುವುದು, ಕೋಲಿನಿಂದ ಕಲಕುವುದು. ಮಾತು ಕೆಳಗೆ ನಡೆಯುತ್ತಿರುತ್ತದೆ, ಬೆಸುಗೆ ಎಷ್ಟಿದ್ದರೂ ಕಾಣುವುದಿಲ್ಲ. ಹಾಗೆ ತೋರಿಸಲು ಏನೂ ಇಲ್ಲದಿದ್ದರೆ, ಕಟ್ ಆದಲ್ಲಿ ಚಿತ್ರವನ್ನು ನೂರಕ್ಕೆ 15–20ರಷ್ಟು ಹಿಗ್ಗಿಸಿ ಹತ್ತಿರದ ಶಾಟ್‌ನಂತೆ ಮಾಡಬಹುದು. 4ಕೆಯಲ್ಲಿ ಶೂಟ್ ಮಾಡಿ ಫುಲ್ ಎಚ್‌ಡಿಯಲ್ಲಿ ಕೊಡುವುದಾದರೆ ಸ್ಪಷ್ಟತೆ ಕುಗ್ಗುವುದಿಲ್ಲ. ಆದರೆ ಹೊಸ ವಿಚಾರ ಶುರುವಾಗುವಲ್ಲಿ ಮಾತ್ರ ಹೀಗೆ ಮಾಡಬೇಕು, ಪ್ರತಿ ವಾಕ್ಯಕ್ಕೂ ಹಿಂದೆ ಮುಂದೆ ಹೋದರೆ ನೋಡುವವರಿಗೆ ತಲೆನೋವು.

ಎರಡು ಮುಖಗಳ ನಡುವೆ ಚಿತ್ರವನ್ನು ತಾನೇ ಸೃಷ್ಟಿಸಿ ಸೇರಿಸುವ ಸೌಲಭ್ಯ ಪ್ರೀಮಿಯರ್ ಪ್ರೊದಲ್ಲಿ ಮಾರ್ಫ್ ಕಟ್ ಎಂಬ ಹೆಸರಿನಲ್ಲೂ, ಡಾವಿಂಚಿ ರಿಸಾಲ್ವ್‌ನಲ್ಲಿ ಸ್ಮೂತ್ ಕಟ್ ಎಂಬ ಹೆಸರಿನಲ್ಲೂ ಇದೆ. ಟ್ರೈಪಾಡ್ ಅಲ್ಲಾಡದೆ, ಹಿನ್ನೆಲೆ ಕದಲದೆ, ಎರಡೂ ಕಡೆ ತಲೆ ಸುಮಾರು ಒಂದೇ ಜಾಗದಲ್ಲಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೈ ಅಡ್ಡ ಬಂದಿದ್ದರೆ ಬೆರಳು ಕರಗುತ್ತವೆ, ಬಾಯಿ ತೆರೆದಿದ್ದರೆ ಹಲ್ಲು ಕಲಸಿಹೋಗುತ್ತದೆ. ಕತ್ತರಿಸುವ ಜಾಗವನ್ನು ಒಂದೆರಡು ಫ್ರೇಮ್ ಸರಿಸಿ ಬಾಯಿ ಮುಚ್ಚಿದ ಕ್ಷಣ ಹುಡುಕಿದರೆ ಹಲವು ಸಲ ಸರಿಹೋಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅಷ್ಟು ಸರಿಸಿದರೂ ಮುಖಭಾವ ಬೇರೆಯಾಗಿರುತ್ತದೆ. ರೆಪ್ಪೆ ಅರ್ಧ ಮುಚ್ಚಿದ ಫ್ರೇಮಿನಲ್ಲಿ ಮಾತ್ರ ಕತ್ತರಿಸಬಾರದು, ಮುಂದಿನ ಫ್ರೇಮಿನಲ್ಲಿ ಕಣ್ಣು ಅಗಲವಾಗಿ ತೆರೆದಿದ್ದರೆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ.

ಕೊನೆಗೆ ಎರಡು ಪರೀಕ್ಷೆ ಮಾಡುತ್ತೇನೆ. ಕಣ್ಣು ಮುಚ್ಚಿ ಪೂರ್ತಿ ಕೇಳುವುದು ಒಂದು. ಮಾತಿನ ಧಾಟಿ ಎಲ್ಲಾದರೂ ಮುಗ್ಗರಿಸಿದರೆ ಅಲ್ಲಿ ಬೆಸುಗೆ ಕೆಟ್ಟಿದೆ. ಸದ್ದು ತೆಗೆದು ಪೂರ್ತಿ ನೋಡುವುದು ಇನ್ನೊಂದು. ಮುಖ ಎಲ್ಲಿ ಎಗರುತ್ತದೆ ಎಂದು ಆಗಲೇ ಕಾಣುವುದು. ಎಷ್ಟು ತಿದ್ದಿದರೂ ಸರಿಹೋಗದ ಒಂದೆರಡು ಜಾಗ ಉಳಿದೇ ಉಳಿಯುತ್ತವೆ. ಅಲ್ಲಿ ಕತ್ತರಿಸಿದ್ದನ್ನು ಹಿಂದಕ್ಕೆ ಹಾಕಿ, ಬೆಳೆಗಾರರ ‘ಆಂ’ ಇದ್ದಂತೆಯೇ ಇರಲು ಬಿಡುತ್ತೇನೆ.