ಹೆಸರು ಅಳಿಸಿದ ಮೇಲೂ ಉಳಿಯುವ ಗುರುತು

ಲೆಕ್ಕಪರಿಶೋಧಕರು ಒಂದು ಸಂಸ್ಥೆಯ ಲೆಕ್ಕದಲ್ಲಿ ಅನುಮಾನದ ಸಂಗತಿ ಕಂಡಾಗ, ವರದಿಯ ಕರಡನ್ನು ಬೇರೆ ಊರಿನ ಹಿರಿಯ ಪರಿಣತರಿಗೆ ತೋರಿಸಿ ಅಭಿಪ್ರಾಯ ಪಡೆಯುವುದುಂಟು. ಆದರೆ ವೃತ್ತಿಯ ಕೆಲಸದಲ್ಲಿ ತಿಳಿದ ಮಾಹಿತಿಯನ್ನು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ತಿಳಿಸುವುದನ್ನು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ವೃತ್ತಿ ದುರ್ನಡತೆ ಎಂದೇ ಪರಿಗಣಿಸುತ್ತದೆ. ಹಾಗಾಗಿ ಕರಡು ಹೊರಗೆ ಹೋಗುವ ಮೊದಲು ಅದರಲ್ಲಿರುವ ಗುರುತುಗಳನ್ನು ಮರೆಸಬೇಕು. ಹಾಗೆ ಮರೆಸಿದರೂ ಪರಿಶೀಲಕರಿಗೆ ಕೇಳಬೇಕಾದ ಪ್ರಶ್ನೆ ಕರಡಿನಲ್ಲಿ ಹಾಗೇ ಉಳಿಯಬೇಕು. ಕೆಲಸದ ಕಷ್ಟವೆಲ್ಲ ಇರುವುದು ಈ ಎರಡರ ನಡುವೆ.

ಒಂದು ಕಲ್ಪಿತ ಕರಡನ್ನು ತೆಗೆದುಕೊಳ್ಳಬಹುದು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಒಂದರ ವರ್ಷದ ವಹಿವಾಟು 18.4 ಕೋಟಿ ರೂಪಾಯಿ, ಹಮಾಲಿ ಖರ್ಚು 62 ಲಕ್ಷ. ಹಮಾಲಿ ಗುತ್ತಿಗೆದಾರ ಪಾಲುದಾರರೊಬ್ಬರ ಹೆಂಡತಿಯ ತಮ್ಮ. ಮಾರ್ಚ್ 25ರಿಂದ 28ರವರೆಗೆ ಅವರಿಗೆ ದಿನಕ್ಕೆ 9,900 ರೂಪಾಯಿಯಂತೆ ನಗದು ಕೊಟ್ಟ ವೋಚರುಗಳಿವೆ. ಒಬ್ಬರಿಗೆ ಒಂದು ದಿನದಲ್ಲಿ ಹತ್ತು ಸಾವಿರ ಮೀರಿ ನಗದು ಕೊಟ್ಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ. ಮಿತಿಯ ಕೆಳಗೇ ನಿಲ್ಲುವಂತೆ ಮೊತ್ತವನ್ನು ಒಡೆದಿದ್ದಾರೆಯೇ ಎಂಬುದು ಪರಿಶೋಧಕರ ಅನುಮಾನ.

ಮೊದಲ ಹೆಜ್ಜೆ ಹೆಸರುಗಳದು. ಹೆಸರಿದ್ದಲ್ಲೆಲ್ಲ ಕಪ್ಪು ಪಟ್ಟಿ ಎಳೆದರೆ ಯಾರು ಯಾರಿಗೆ ಕೊಟ್ಟರು ಎಂಬುದೇ ಓದುವವರಿಗೆ ತಿಳಿಯದು. ಅದರ ಬದಲು ‘ಸಂಸ್ಥೆ-ಅ’, ‘ಪಾಲುದಾರ-2’, ‘ಗುತ್ತಿಗೆದಾರ-3’ ಎಂಬ ಸಂಕೇತಗಳನ್ನು ಕೊಟ್ಟು, ಒಬ್ಬರಿಗೆ ಕಡತದುದ್ದಕ್ಕೂ ಒಂದೇ ಸಂಕೇತ ಉಳಿಸಿಕೊಳ್ಳಬೇಕು. ಯಾವ ಸಂಕೇತ ಯಾರದು ಎಂಬ ಪಟ್ಟಿ ಬೇರೆ ಕಡತದಲ್ಲಿ, ಪಾಸ್‌ವರ್ಡ್ ಹಾಕಿ, ಕಳುಹಿಸುವವರ ಬಳಿಯೇ ಇರಬೇಕು. ಕನ್ನಡದ ಕರಡಿನಲ್ಲಿ ಇಲ್ಲೊಂದು ತೊಡಕಿದೆ. ‘ಮಂಜುನಾಥ’ ಎಂದು ಹುಡುಕಿ ಬದಲಿಸಿದರೆ ‘ಮಂಜುನಾಥನಿಗೆ’ ಎಂಬುದು ‘ಗುತ್ತಿಗೆದಾರ-3ನಿಗೆ’ ಎಂದಾಗುತ್ತದೆ. ಅದನ್ನು ತಿದ್ದಿಕೊಳ್ಳಬಹುದು. ಆದರೆ ಬರೀ ‘ಮಂಜಣ್ಣ’ ಎಂದು ಬರೆದ ಕಡೆ, ವೋಚರಿನ ಇಂಗ್ಲಿಷ್ ಕಾಗುಣಿತದಲ್ಲಿ ಮತ್ತು ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಹೆಸರು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಯಂತ್ರ ಬದಲಿಸಿದ ಮೇಲೂ ಕಣ್ಣಿಟ್ಟು ಓದುವುದು ತಪ್ಪದು.

ಹೆಸರಿಗಿಂತ ಹೆಚ್ಚು ಹೇಳುವುದು ಸಂಖ್ಯೆಗಳು. ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಆ ಸಂಸ್ಥೆಯ ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ ವ್ಯಕ್ತಿಯೋ ಪಾಲುದಾರಿಕೆಯೋ ಕಂಪನಿಯೋ ಎಂದು ಹೇಳಿದರೆ, ಐದನೆಯದು ಹೆಸರಿನ ಮೊದಲಕ್ಷರವನ್ನು, ವ್ಯಕ್ತಿಯಾದರೆ ಅಡ್ಡಹೆಸರಿನ ಮೊದಲಕ್ಷರವನ್ನು ಹೇಳುತ್ತದೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನಿಂದ ಶಾಖೆಯೇ ಗೊತ್ತಾಗುತ್ತದೆ. ಇವುಗಳ ಕೊನೆಯ ನಾಲ್ಕು ಅಂಕಿ ಉಳಿಸುವ ರೂಢಿ ಇಲ್ಲಿ ಸಲ್ಲದು. ಪೂರ್ತಿ ತೆಗೆದು ಸಂಕೇತವನ್ನೇ ಇಡಬೇಕು. ಸಂಖ್ಯೆಯನ್ನು ಗಣಿತದ ಸೂತ್ರದಿಂದ ತಿರುಚಿ ಗೂಢವಾಗಿಸಿದರೂ ಸಾಲದು. 2014ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಪ್ರಯಾಣಗಳ ಮಾಹಿತಿ ಹಾಗೆ ಹೊರಬಂದಾಗ, ಸಾಧ್ಯವಿರುವ ಪರವಾನಗಿ ಸಂಖ್ಯೆಗಳನ್ನೆಲ್ಲ ಅದೇ ಸೂತ್ರಕ್ಕೆ ಹಾಕಿ ನೋಡಿದವರು ಮೂಲ ಸಂಖ್ಯೆಗಳನ್ನು ಬಲುಬೇಗ ಕಂಡುಹಿಡಿದರು.

ಮೊತ್ತಗಳಿಗೆ ಸಾಮಾನ್ಯ ಉಪಾಯವೆಂದರೆ ಎಲ್ಲವನ್ನೂ ಒಂದೇ ಗುಟ್ಟಿನ ಅಂಶದಿಂದ ಗುಣಿಸುವುದು. 0.73ರಿಂದ ಗುಣಿಸಿ ದುಂಡಗೆ ಮಾಡಿದರೆ 18.4 ಕೋಟಿಯ ವಹಿವಾಟು 13.4 ಕೋಟಿಯಾಗುತ್ತದೆ, 62 ಲಕ್ಷದ ಹಮಾಲಿ 45 ಲಕ್ಷವಾಗುತ್ತದೆ. ವಹಿವಾಟಿನಲ್ಲಿ ಹಮಾಲಿಯ ಪಾಲು ಮೊದಲೂ ಶೇ. 3.4ರ ಆಸುಪಾಸು, ಈಗಲೂ ಅಷ್ಟೇ. ದುಂಡಗೆ ಮಾಡುವುದು ಮುಖ್ಯ. ಇಲ್ಲವಾದರೆ ಎಲ್ಲ ಮೊತ್ತಗಳೂ 0.73ರಿಂದ ಸರಿಯಾಗಿ ಭಾಗವಾಗುವುದನ್ನು ಲೆಕ್ಕ ಬಲ್ಲವರು ಹಿಡಿದುಬಿಡುತ್ತಾರೆ. ಸಂಸ್ಥೆಯ ಒಂದೇ ಒಂದು ನಿಜ ಮೊತ್ತ ಸಾರ್ವಜನಿಕವಾಗಿದ್ದರೂ ಗುಟ್ಟಿನ ಅಂಶ ಬಯಲಾಗುತ್ತದೆ. ಕಂಪನಿಗಳ ವಾರ್ಷಿಕ ಲೆಕ್ಕಪತ್ರ ಸರ್ಕಾರದ ಕಡತದಲ್ಲಿ ನೋಡಲು ಸಿಗುವುದರಿಂದ ಅಲ್ಲಿ ಈ ಉಪಾಯ ದುರ್ಬಲ.

ಆದರೆ ವೋಚರಿನ 9,900ಕ್ಕೆ ಇದೇ ಉಪಾಯ ಬಳಸಿದರೆ 7,230 ಆಗುತ್ತದೆ, ಹತ್ತು ಸಾವಿರದ ಮಿತಿಗೂ ಅದಕ್ಕೂ ಇದ್ದ ನಂಟು ಕಡಿದುಹೋಗುತ್ತದೆ. ಪರಿಶೀಲಕರ ಕಣ್ಣಿಗೆ ಅದು ಮಾಮೂಲಿ ಕೂಲಿ. ಕಾನೂನಿನ ಮಿತಿಯೊಂದಿಗೆ ಹೋಲಿಸಬೇಕಾದ ಮೊತ್ತವನ್ನು ಗುಣಿಸದೆ, ಮಿತಿಯ ಶೇಕಡಾವಾರಾಗಿ ಬರೆಯುವುದು ಸರಿ. ದಿನಾಂಕಕ್ಕೂ ಇದೇ ಮಾತು. ಎಲ್ಲ ದಿನಾಂಕಗಳನ್ನು ನಲವತ್ತು ದಿನ ಹಿಂದಕ್ಕೆ ಸರಿಸಿದರೆ ನಡುವಿನ ಅಂತರ ಉಳಿಯುತ್ತದೆ, ಆದರೆ ಮಾರ್ಚ್ 31ರ ವರ್ಷಾಂತ್ಯದ ಒತ್ತಡ ಕಾಣೆಯಾಗುತ್ತದೆ.

ಸಂಬಂಧದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಹತ್ತಿರದ ಸಂಬಂಧಿ’ ಎಂದು ಸಡಿಲಿಸಿದರೆ ಪರಿಶೀಲಕರು ದಾರಿ ತಪ್ಪುತ್ತಾರೆ. ಆದಾಯ ತೆರಿಗೆಯ ಸಾಮಾನ್ಯ ವ್ಯಾಖ್ಯೆಯಲ್ಲಿ ಸಂಬಂಧಿ ಎಂದರೆ ಗಂಡ, ಹೆಂಡತಿ, ಒಡಹುಟ್ಟಿದವರು, ನೇರ ಪೀಳಿಗೆಯ ಹಿರಿಯರು ಮತ್ತು ಕಿರಿಯರು; ಹೆಂಡತಿಯ ತಮ್ಮ ಅದರೊಳಗೆ ಬರುವುದಿಲ್ಲ. ಹೀಗೆ ಎಲ್ಲ ನೋಡಿ ತಿದ್ದಿದ ಸಾಲು ಹೀಗಿರುತ್ತದೆ: ‘ಸಂಸ್ಥೆ-ಅ ಕೃಷಿ ಸರಕು ದಾಸ್ತಾನಿನ ಪಾಲುದಾರಿಕೆ. ಗುತ್ತಿಗೆದಾರ-3 ಅದರ ಪಾಲುದಾರ-2ರ ಹೆಂಡತಿಯ ಒಡಹುಟ್ಟು. ವರ್ಷಾಂತ್ಯದ ಹಿಂದಿನ ವಾರ ಸತತ ನಾಲ್ಕು ದಿನ, ದಿನಕ್ಕೆ ನಗದು ಮಿತಿಯ ಶೇ. 99ರಷ್ಟು ಕೂಲಿ ಬಾಬ್ತು ಪಾವತಿಯಾಗಿದೆ.’ ಬ್ಯಾಡಗಿ, ಮೆಣಸಿನಕಾಯಿ ಎರಡೂ ಹೋಗಿವೆ. ಅವೆರಡೂ ಒಟ್ಟಿಗಿದ್ದರೆ ಹುಡುಕಬೇಕಾದ ಜಾಗ ಒಂದೇ ಮಾರುಕಟ್ಟೆಗೆ ಇಳಿಯುತ್ತದೆ. ಪ್ರಶ್ನೆ ಮಾತ್ರ ಇಡಿಯಾಗಿ ಉಳಿದಿದೆ.

ಇಷ್ಟಾದ ಮೇಲೂ ಕಡತವೇ ಬಾಯಿ ಬಿಡಬಹುದು. ಪಿಡಿಎಫ್‌ನಲ್ಲಿ ಅಕ್ಷರಗಳ ಮೇಲೆ ಕಪ್ಪು ಚೌಕ ಎಳೆದರೆ ಕೆಳಗಿನ ಅಕ್ಷರಗಳು ಅಲ್ಲೇ ಇರುತ್ತವೆ. 2019ರ ಜನವರಿಯಲ್ಲಿ ಅಮೆರಿಕದ ಪಾಲ್ ಮ್ಯಾನಫೋರ್ಟ್ ಪ್ರಕರಣದಲ್ಲಿ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಹೀಗೇ ಆಯಿತು. ಕಪ್ಪು ಭಾಗವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದವರಿಗೆ ಮುಚ್ಚಿಟ್ಟ ಮಾತೆಲ್ಲ ಸಿಕ್ಕಿತು. ವರ್ಡ್ ಕಡತದಲ್ಲಿ ಹಳೆಯ ತಿದ್ದುಪಡಿಗಳು, ಟಿಪ್ಪಣಿಗಳು, ಬರೆದವರ ಹೆಸರು ಉಳಿದಿರುತ್ತವೆ. ಇವನ್ನು `Inspect Document` ಆಯ್ಕೆಯಿಂದ ತೆಗೆಯಬಹುದು. ಎಕ್ಸೆಲ್‌ನಿಂದ ತಂದು ಅಂಟಿಸಿದ ಚಾರ್ಟ್ ಇದಕ್ಕಿಂತ ಅಪಾಯಕಾರಿ. ಕೆಲವು ರೀತಿಯಲ್ಲಿ ಅಂಟಿಸಿದಾಗ ಅದರ ಬೆನ್ನಿಗೆ ಇಡೀ ಮೂಲ ವರ್ಕ್‌ಬುಕ್ ಬಂದು ಕೂರುತ್ತದೆ, ಚಾರ್ಟಿನ ಮೇಲೆ ಎರಡು ಸಲ ಒತ್ತಿದರೆ ನಿಜ ಹೆಸರು, ನಿಜ ಮೊತ್ತಗಳು ತೆರೆದುಕೊಳ್ಳುತ್ತವೆ. ಚಾರ್ಟನ್ನು ಚಿತ್ರವಾಗಿಯೇ ಅಂಟಿಸಬೇಕು. ಕಡತದ ಹೆಸರಿನಲ್ಲೂ ಕಕ್ಷಿದಾರರ ಹೆಸರಿರಬಾರದು.

ಕಳುಹಿಸುವ ಮುನ್ನ ಒಂದು ಪರೀಕ್ಷೆ ಮಾಡಬೇಕು. ಈ ಕೆಲಸದಲ್ಲಿಲ್ಲದ, ಆದರೆ ಅದೇ ಕಚೇರಿಯ ಸಹೋದ್ಯೋಗಿಗೆ ಕರಡು ಕೊಟ್ಟು, ಇಂಟರ್ನೆಟ್ ನೋಡಿಕೊಂಡು ಇದು ಯಾರದೆಂದು ಊಹಿಸಲು ಹೇಳಬೇಕು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ಮಾರ್ಗದರ್ಶಿಯೂ ಇಂಥದೇ ಪರೀಕ್ಷೆಯನ್ನು ಹೇಳುತ್ತದೆ. ಸಹೋದ್ಯೋಗಿಯ ಊಹೆ ಸರಿಯಾದರೆ ಯಾವ ಸುಳಿವಿನಿಂದ ಸರಿಯಾಯಿತೆಂದು ಕೇಳಿ ಅದನ್ನು ಸಡಿಲಿಸಬೇಕು. ಒಂದೇ ಜಿಲ್ಲೆಯಲ್ಲಿ ಅಂಥ ವ್ಯಾಪಾರ ಮಾಡುವವರು ಇಬ್ಬರೋ ಮೂವರೋ ಇದ್ದಾಗ ಎಷ್ಟು ಸಡಿಲಿಸಿದರೂ ಗುರುತು ಉಳಿಯುತ್ತದೆ. ಇನ್ನೂ ಸಡಿಲಿಸಿದರೆ ಪ್ರಶ್ನೆಯೇ ಕರಗಿಹೋಗುತ್ತದೆ. ಅಂಥ ಕರಡನ್ನು ಮರೆಮಾಚಿ ಕಳುಹಿಸಲು ಹೋಗಬಾರದು. ಕಕ್ಷಿದಾರರ ಲಿಖಿತ ಒಪ್ಪಿಗೆ ಪಡೆದು, ಪರಿಶೀಲಕರಿಂದ ಗೌಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೇ ತೋರಿಸಬೇಕು.