ಪಠ್ಯಪುಸ್ತಕದಲ್ಲಿ ಅಚ್ಚಾಗದ ಪಾಠ: ಗಡಿನಾಡಿನ ತರಗತಿಗಳಲ್ಲಿ ಗುಪ್ತ ಪಠ್ಯಕ್ರಮ

ಶಾಲೆಯಲ್ಲಿ ಮಕ್ಕಳು ಕಲಿಯುವುದೆಲ್ಲವೂ ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಯಾರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ, ಯಾರ ಕೈಗೆ ಪೊರಕೆ ಬರುತ್ತದೆ, ಯಾರ ಮಾತು ಶುದ್ಧ, ಯಾರ ಮಾತಿಗೆ ತರಗತಿ ನಗುತ್ತದೆ ಎಂಬುದನ್ನೂ ಅವರು ದಿನವೂ ಕಲಿಯುತ್ತಾರೆ. ಅಮೆರಿಕದ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ 1968ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂತಹ ಬರೆಯದ ಪಾಠವನ್ನು ಗುಪ್ತ ಪಠ್ಯಕ್ರಮವೆಂದು ಕರೆದರು. ಯಾರೂ ಉದ್ದೇಶಪೂರ್ವಕವಾಗಿ ಬೋಧಿಸದಿದ್ದರೂ ಈ ಪಾಠ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ಕನ್ನಡ ಮನೆಗಳಿಗೆ ಇದು ಹೇಗೆ ತಟ್ಟುತ್ತದೆ ಎಂಬುದನ್ನು ನಾವು ಇಲ್ಲಿ ವಿವರಿಸಬಯಸುತ್ತೇವೆ.

ನಾರಾಯಣಪೇಟೆಯ ಮಗ್ಗದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಲ್ಲಿನ ನೇಕಾರಿಕೆಯ ಹೆಸರಾಂತ ಪದ್ಧತಿಯಲ್ಲಿ ಎಂಟು ಸೀರೆಗಳ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸುತ್ತಾರೆ. ಒಂದು ಸೀರೆಗೆ ಏಳು ಗಜದಂತೆ ಒಟ್ಟು 56 ಗಜ. ನೇಕಾರರ ಮನೆಯ ಮಗುವಿಗೆ ಈ ಲೆಕ್ಕ ಮಗ್ಗಿ ಬಾಯಿಪಾಠ ಮಾಡುವ ಮೊದಲೇ ಗೊತ್ತಿರಬಹುದು. ಅದೇ ಮಗುವಿಗೆ ತರಗತಿಯಲ್ಲಿ ‘ಗುಣ್ಯ 7, ಗುಣಕ 8 ಆದರೆ ಗುಣಲಬ್ಧವೆಷ್ಟು?’ ಎಂದು ಕೇಳಿದರೆ ಅದು ಸುಮ್ಮನಾಗುತ್ತದೆ. ಮನೆಯಲ್ಲಿ ಓದುಬರಹ ಬಲ್ಲವರಿರುವ ಪಕ್ಕದ ಮಗು ಆ ಪದಗಳನ್ನು ಮೊದಲೇ ಕೇಳಿರುವುದರಿಂದ ಥಟ್ಟನೆ ಉತ್ತರಿಸುತ್ತದೆ. ಪ್ರಶ್ನೆ ಗಣಿತದ್ದೇ ಆದರೂ ಇಲ್ಲಿ ಪರೀಕ್ಷೆಗೊಳಗಾದದ್ದು ಪದಪರಿಚಯ. ಆದರೆ ದಾಖಲೆಯಲ್ಲಿ ಉಳಿಯುವುದು ‘ಗಣಿತದಲ್ಲಿ ಹಿಂದೆ’ ಎಂಬ ಮಾತು.

ಆ ಒಂದು ನಿಮಿಷದಲ್ಲಿ ಮೊದಲ ಮಗು ಮೂರು ಸಂಗತಿಗಳನ್ನು ಕಲಿಯುತ್ತದೆ. ತನ್ನ ಮನೆಯ ತಿಳಿವಳಿಕೆ ಶಾಲೆಯಲ್ಲಿ ಲೆಕ್ಕಕ್ಕಿಲ್ಲ. ಬಾಯಿ ಬಿಡದಿರುವುದೇ ಕ್ಷೇಮ. ಪಕ್ಕದವರು ಹುಟ್ಟಿನಿಂದಲೇ ಜಾಣರು. ಇದು ವರ್ಷಗಟ್ಟಲೆ ನಡೆದರೆ ಹತ್ತನೇ ತರಗತಿಯ ಹೊತ್ತಿಗೆ ಮಗುವಿಗೂ ಪೋಷಕರಿಗೂ ‘ನಮಗೆ ಓದು ಒಗ್ಗದು’ ಎಂಬುದು ಸಹಜವಾಗಿ ತೋರುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೇರ್ ಬೋರ್ದ್ಯೂ ವಿವರಿಸಿದ್ದು ಇದನ್ನೇ. ಶಾಲೆ ತಾನು ಕಲಿಸದ ಸಂಗತಿಯನ್ನು ಮಕ್ಕಳಿಂದ ನಿರೀಕ್ಷಿಸುತ್ತದೆ. ಅದು ಯಾರ ಮನೆಯಲ್ಲಿ ಮೊದಲೇ ಇದೆಯೋ ಅವರು ಗೆಲ್ಲುತ್ತಾರೆ. ಆ ಗೆಲುವಿಗೆ ಪ್ರತಿಭೆಯೆಂಬ ಹೆಸರು ಬೀಳುತ್ತದೆ. ಹೀಗೆ ಹಳೆಯ ಅಸಮಾನತೆಯೇ ಅಂಕಪಟ್ಟಿಯ ರೂಪದಲ್ಲಿ ಮುಂದಿನ ತಲೆಮಾರಿಗೆ ದಾಟುತ್ತದೆ.

ಗಡಿಯಲ್ಲಿ ಈ ತೊಡಕಿಗೆ ಮತ್ತೊಂದು ಪದರವಿದೆ. ಗದ್ವಾಲ್ ತಾಲ್ಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆಂಧ್ರಪ್ರದೇಶಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. 2018ರ ತೆಲಂಗಾಣ ಕಾಯ್ದೆಯು ಹತ್ತನೇ ತರಗತಿಯವರೆಗೆ ತೆಲುಗು ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಕಾನೂನು ಮಾತನಾಡುವುದು ಮಾಧ್ಯಮದ ಬಗ್ಗೆ, ವಿಷಯದ ಬಗ್ಗೆ. ಕೋಣೆಯೊಳಗೆ ಯಾವ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಅದು ತಲುಪುವುದಿಲ್ಲ.

ಮನೆಯಲ್ಲಿ ‘ಹೊಂಟೀನಿ’ ಎನ್ನುವ ಮಗುವಿಗೆ ಪುಸ್ತಕದ ‘ಹೋಗುತ್ತಿದ್ದೇನೆ’ ಹೊಸದು. ನಮ್ಮ ಆಡುಮಾತಿನಲ್ಲಿ ತೆಲುಗು, ಉರ್ದು ಪದಗಳು ಸಹಜವಾಗಿ ಬೆರೆತಿವೆ. ಆದ್ದರಿಂದ ಮಗು ಎರಡು ಕಡೆಯಿಂದ ತಿದ್ದಿಸಿಕೊಳ್ಳುವ ಸಂಭವವಿದೆ: ಕನ್ನಡ ಪಾಠದಲ್ಲಿ ‘ಇದು ಕನ್ನಡವಲ್ಲ’ ಎಂದು, ತೆಲುಗು ಪಾಠದಲ್ಲಿ ‘ಇದು ತೆಲುಗಲ್ಲ’ ಎಂದು. ಕನ್ನಡ ಶಾಲೆಯನ್ನು ಉಳಿಸಬೇಕೆನ್ನುವ ನಾವು ಮನೆಯ ಕನ್ನಡವನ್ನೇ ಹೀನವೆಂದರೆ, ಮಗು ಶಾಲೆಯಲ್ಲಿ ಕನ್ನಡವನ್ನು ಓದುತ್ತಲೇ ತನ್ನ ಕನ್ನಡಕ್ಕೆ ನಾಚುವುದನ್ನು ಕಲಿಯುತ್ತದೆ.

ಹಾಗೆಂದು ಪುಸ್ತಕದ ಪದಗಳನ್ನು ಬಿಟ್ಟುಬಿಡಬೇಕೆಂದು ಅರ್ಥವಲ್ಲ. ಗುಣ್ಯ, ಗುಣಕ, ಶೇಷ ಎಂಬ ಪದಗಳು ತೆಲುಗಿನಲ್ಲಿ ಗುಣ್ಯಂ, ಗುಣಕಂ, ಶೇಷಂ ಎಂದೇ ಬರುತ್ತವೆ. ಅವನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡ ಮಗುವಿಗೆ ಮುಂದೆ ತೆಲುಗು ಮಾಧ್ಯಮಕ್ಕೆ ಹೋಗಬೇಕಾಗಿ ಬಂದರೂ ಅವು ಕೈಹಿಡಿಯುತ್ತವೆ. ಮುಖ್ಯವಾದದ್ದು ಕ್ರಮ. ಮೊದಲು ಮನೆಯ ಮಾತಿನಲ್ಲಿ ಲೆಕ್ಕವಾಗಲಿ: ‘ಎಂಟು ಸೀರೆ, ಒಂದೊಂದಕ್ಕೆ ಏಳು ಗಜ, ಎಷ್ಟಾಯಿತು?’ ಉತ್ತರ ಬಂದ ಮೇಲೆ ‘ಏಳಕ್ಕೆ ಗುಣ್ಯ, ಎಂಟಕ್ಕೆ ಗುಣಕ, ಬಂದ ಐವತ್ತಾರಕ್ಕೆ ಗುಣಲಬ್ಧ ಎನ್ನುತ್ತೇವೆ’ ಎಂದು ಹೆಸರಿಡಬೇಕು. ಆಗ ಆ ಪದ ಮಗುವಿನ ಸೊತ್ತಾಗುತ್ತದೆ.

ಗುಪ್ತ ಪಠ್ಯಕ್ರಮ ಭಾಷೆಯಲ್ಲಷ್ಟೇ ಅಲ್ಲ, ಶಾಲೆಯ ವೇಳೆಯಲ್ಲಿಯೂ ಅಡಗಿದೆ. ಗದ್ವಾಲ್ ಪ್ರದೇಶ ಹೈಬ್ರಿಡ್ ಹತ್ತಿ ಬೀಜೋತ್ಪಾದನೆಗೆ ಹೆಸರಾದದ್ದು. ಈ ಬೆಳೆಯಲ್ಲಿ ಅರಳಲಿರುವ ಮೊಗ್ಗಿನ ಕೇಸರಗಳನ್ನು ಹಿಂದಿನ ದಿನವೇ ಕೈಯಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಒಂದೊಂದು ಹೂವಿಗೂ ಸೋಕಿಸಬೇಕು. ಹೂ ಬಿಡುವ ಕಾಲವಿಡೀ ಈ ಕೆಲಸ ನಿತ್ಯವೂ ಇರುತ್ತದೆ. ಇದರಲ್ಲಿ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ದುಡಿಸಿಕೊಂಡದ್ದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. ಸ್ವಂತ ಹೊಲದಲ್ಲಿ ನೆರವಾಗುವುದಿದ್ದರೂ ಅದು ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಾತ್ರ.

ಹೂವಿನ ಬೆಳಗಿನ ಹೊತ್ತು ಶಾಲೆಯ ಬೆಳಗಿನ ಹೊತ್ತೂ ಹೌದು. ಗೈರುಹಾಜರಾದ ವಾರಗಳಲ್ಲಿ ತರಗತಿಯಲ್ಲಿ ಭಾಗಾಕಾರ ನಡೆದಿದ್ದರೆ, ಮರಳಿ ಬಂದ ಹುಡುಗಿಗೆ ಭಿನ್ನರಾಶಿ ಅರ್ಥವಾಗುವುದಿಲ್ಲ. ಭಿನ್ನರಾಶಿಯಿಲ್ಲದೆ ಶೇಕಡಾವಾರು ಬರುವುದಿಲ್ಲ. ಹಾಜರಿ ಪುಸ್ತಕ ಅವಳನ್ನು ‘ಅನಿಯಮಿತ’ ಎನ್ನುತ್ತದೆ, ಕ್ರಮೇಣ ತರಗತಿ ಅವಳನ್ನು ‘ದಡ್ಡಿ’ ಎನ್ನುತ್ತದೆ. ಹೊಲದ ಕಾರಣದಿಂದಾದ ಅಂತರ ಅವಳ ಬುದ್ಧಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಮರಳಿ ಬಂದ ದಿನ ಯಾವ ಪಾಠ ತಪ್ಪಿತೆಂದು ಗುರುತಿಸಿ, ಅದನ್ನೇ ಮೊದಲು ಕಲಿಸುವ ಶಾಲೆಯಲ್ಲಿ ಈ ಲೆಕ್ಕ ಬದಲಾಗುತ್ತದೆ.

ನಮ್ಮ ಮಕ್ಕಳ ಶಾಲೆಯಲ್ಲಿ ಇದು ನಡೆದಿದೆಯೇ ಎಂದು ಪೋಷಕರು ತಾವೇ ತಿಳಿಯಬಹುದು. ಅದಕ್ಕೆ ಓದುಬರಹ ಬರಬೇಕೆಂದಿಲ್ಲ. ಮಗು ತಪ್ಪಿದ ಲೆಕ್ಕವನ್ನು ಯಾರಿಂದಲಾದರೂ ಓದಿಸಿ, ಮನೆಯ ಮಾತಿನಲ್ಲಿ ಮತ್ತೆ ಕೇಳಿರಿ. ಉತ್ತರ ಸರಿ ಬಂದರೆ ಕೊರತೆ ಇರುವುದು ಗಣಿತದಲ್ಲಲ್ಲ, ಪದದಲ್ಲಿ. ಮನೆಯ ಮಾತಿನಲ್ಲಿಯೂ ಬಾರದಿದ್ದರೆ ಆ ಲೆಕ್ಕವನ್ನೇ ಮತ್ತೆ ಕಲಿಸಬೇಕಾಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಈ ವಾರ ಗುರುಗಳು ನಿನ್ನ ಹೆಸರು ಕರೆದು ಪ್ರಶ್ನೆ ಕೇಳಿದರೇ ಎಂದೂ, ಕೋಣೆಯನ್ನು ಗುಡಿಸಿದವರು ಯಾರೆಂದೂ ಮಗುವನ್ನು ವಿಚಾರಿಸಿರಿ. ಸರದಿಯ ಮೇಲೆ ಎಲ್ಲರೂ ಗುಡಿಸಿದರೆ ಅದು ಸಮಾನತೆಯ ಪಾಠ. ಹೆಣ್ಣುಮಕ್ಕಳೇ, ಅಥವಾ ಒಂದೇ ಕೇರಿಯ ಮಕ್ಕಳೇ ಪ್ರತಿದಿನ ಗುಡಿಸಿದರೆ ಅದು ಜಾತಿಯ, ಲಿಂಗಭೇದದ ಪಾಠ. ಇಂತಹ ಸಂಗತಿಯನ್ನು ಪೋಷಕರ ಸಭೆಯಲ್ಲಿ ಆರೋಪವಾಗಿ ಅಲ್ಲ, ಕಂಡದ್ದನ್ನು ಕಂಡಂತೆ ಹೇಳಬೇಕು. ಬಹುಪಾಲು ಶಿಕ್ಷಕರು ಇದನ್ನು ಬೇಕೆಂದು ಮಾಡುವುದಿಲ್ಲ. ರೂಢಿಯಾದದ್ದು ಕಣ್ಣಿಗೆ ಬೀಳುವುದಿಲ್ಲ.

ಇದರಿಂದ ಬಡತನ ನೀಗುವುದಿಲ್ಲ, ಖಾಲಿ ಹುದ್ದೆ ತುಂಬುವುದಿಲ್ಲ. ಅವುಗಳಿಗೆ ಸರ್ಕಾರವನ್ನೇ ಕೇಳಬೇಕು. ಆದರೆ ಯಾರನ್ನು ಪ್ರಶ್ನಿಸಬೇಕು, ಯಾವ ಮಾತಿನಲ್ಲಿ ಪಾಠ ತೊಡಗಬೇಕು, ಪೊರಕೆ ಯಾರ ಸರದಿ ಎಂಬುದಕ್ಕೆ ಯಾವ ಆದೇಶವೂ ಬರಬೇಕಾಗಿಲ್ಲ. ಅವು ನಾಳೆಯ ಮೊದಲ ಅವಧಿಯಲ್ಲಿಯೇ ಬದಲಾಗಬಲ್ಲವು.